ಸ್ಪರ್ಶರೇಖೆಯಿಂದ ಚಾಪವನ್ನು ತರುವ ಶ್ರೇಢಿ: ಯುಕ್ತಿಭಾಷೆಯ ಉಪಪತ್ತಿ

ವ್ಯಾಸವನ್ನು ೩೯೨೭ ರಿಂದ ಗುಣಿಸಿ ೧೨೫೦ ರಿಂದ ಭಾಗಿಸಿದರೆ ಪರಿಧಿಯು ದೊರೆಯುವುದೆಂಬುದನ್ನು ಲೀಲಾವತಿಯನ್ನು ಓದಿದವರೆಲ್ಲರೂ ಬಲ್ಲರು. ಅದಕ್ಕೆ ಬಹು ಹಿಂದೆಯೇ ಆರ್ಯಭಟನು ೨೦,೦೦೦ ವ್ಯಾಸಕ್ಕೆ ೬೨,೮೩೨ ಪರಿಧಿಯೆಂದು ಹೇಳಿ, ಅದು ‘ಆಸನ್ನ’ವೆಂಬ ಮಾತನ್ನೂ ಸೇರಿಸಿದ್ದನು. ಆಸನ್ನವೆಂದರೆ ಹತ್ತಿರದ್ದು, ನಿಶ್ಶೇಷವಾದುದಲ್ಲ. ಪಾಠಶಾಲೆಯಲ್ಲಿ ನಾವು ಸೂತ್ರವನ್ನು ಕಂಠಸ್ಥ ಮಾಡಿದೆವಲ್ಲದೆ, ಆ ಆಸನ್ನತೆಯನ್ನು ಬೇಕಾದಷ್ಟು ಕಡಮೆ ಮಾಡುವ ದಾರಿಯುಂಟೇ ಎಂದು ಕೇಳಲಿಲ್ಲ. ಆ ದಾರಿಯನ್ನು ಕಂಡವನು ಕೇರಳದ ಸಂಗಮಗ್ರಾಮದ ಮಾಧವನು. ಅವನ ಕಾಲವು ಸುಮಾರು ಕ್ರಿ. ಶ. ೧೩೪೦–೧೪೨೫. ಅದರ ಉಪಪತ್ತಿಯನ್ನು ಸುಮಾರು ೧೫೩೦ರಲ್ಲಿ ಜ್ಯೇಷ್ಠದೇವನು ಮಲಯಾಳದ ಗದ್ಯದಲ್ಲಿ, ಯುಕ್ತಿಭಾಷೆಯೆಂಬ ಗ್ರಂಥದಲ್ಲಿ ಬಿಡಿಸಿ ಬರೆದನು. ಯೂರೋಪಿನಲ್ಲಿ ಇದೇ ಶ್ರೇಢಿಯನ್ನು ಗ್ರೆಗೊರಿಯು ೧೬೭೧ರಲ್ಲಿಯೂ, ಅನಂತರ ಲೈಬ್ನಿಟ್ಸನೂ ಕಂಡುಕೊಂಡರು.

ಈ ಉಪಪತ್ತಿಯಲ್ಲಿ ಒಂದು ಸಂದೇಹಸ್ಥಾನವಿದೆ. ಅದನ್ನು ದಾಟದೆ ಫಲವನ್ನು ಮಾತ್ರ ಒಪ್ಪುವುದು ಸೂತ್ರವನ್ನು ಕಂಠಸ್ಥ ಮಾಡಿದಂತೆಯೇ ಸರಿ. ಆ ಸ್ಥಾನವನ್ನು ತೋರಿಸಿ ಪರಿಹರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕ್ಷೇತ್ರವನ್ನು ನೋಡೋಣ. ತ್ರಿಜ್ಯೆಯು ೧ ಆಗಿರುವ ವೃತ್ತವನ್ನು ಬರೆದು, ಕೇಂದ್ರದಿಂದ ಪೂರ್ವಕ್ಕೆ ಒಂದು ತ್ರಿಜ್ಯೆಯನ್ನು ಎಳೆಯಿರಿ. ಅದು ವೃತ್ತವನ್ನು ಮುಟ್ಟುವ ಕಡೆಯಲ್ಲಿ, ಉತ್ತರದ ಕಡೆಗೆ ಸ್ಪರ್ಶರೇಖೆಯನ್ನು ನಿಲ್ಲಿಸಿ, ಅದರ ಮೇಲೆ ‘ಸ’ ಎಂಬಷ್ಟು ಉದ್ದವನ್ನು ಅಳೆದುಕೊಳ್ಳಿರಿ. ಅದರ ತುದಿಯನ್ನು ಕೇಂದ್ರಕ್ಕೆ ಸೇರಿಸಿದರೆ ವೃತ್ತದಲ್ಲಿ ಒಂದು ಚಾಪವು ಕತ್ತರಿಸಲ್ಪಡುವುದು. ‘ಸ’ವು ತಿಳಿದಿದೆ, ಚಾಪವು ತಿಳಿಯಬೇಕಾಗಿದೆ.

‘ಸ’ವನ್ನು ಬಹು ಸಣ್ಣ ಸಮಾನಖಂಡಗಳಾಗಿ ಭಾಗಿಸಿ, ಪ್ರತಿಯೊಂದು ಖಂಡದ ತುದಿಯಿಂದಲೂ ಕೇಂದ್ರಕ್ಕೆ ಕರ್ಣವನ್ನೆಳೆಯಬೇಕು. ಬುಡದಿಂದ ‘ಯ’ ದೂರದಲ್ಲಿರುವ ಒಂದು ಖಂಡವನ್ನು ತೆಗೆದುಕೊಂಡರೆ, ಅಲ್ಲಿಯ ಕರ್ಣದ ವರ್ಗವು ಒಂದಕ್ಕೆ ‘ಯ’ದ ವರ್ಗವನ್ನು ಕೂಡಿಸಿದಷ್ಟು. ಈಗ ಖಂಡದ ಕೆಳತುದಿಯಿಂದ ಮೇಲಿನ ಕರ್ಣಕ್ಕೆ ಒಂದು ಲಂಬವನ್ನು ಎಳೆದರೆ ಚಿಕ್ಕದೊಂದು ತ್ರಿಭುಜವಾಗುವುದು. ಅದು ತ್ರಿಜ್ಯೆ, ‘ಯ’ ಮತ್ತು ಕರ್ಣಗಳಿಂದಾದ ದೊಡ್ಡ ತ್ರಿಭುಜಕ್ಕೆ ಸಜಾತೀಯವಾದುದು. ಆದುದರಿಂದ ತ್ರೈರಾಶಿಕದಂತೆ ಲಂಬವು ಖಂಡವನ್ನು ಕರ್ಣದಿಂದ ಭಾಗಿಸಿದಷ್ಟಾಗುತ್ತದೆ. ಈ ಲಂಬವು ಕೇಂದ್ರದಿಂದ ಕರ್ಣದಷ್ಟು ದೂರದಲ್ಲಿದೆ. ನಮಗೆ ಬೇಕಾದ ಚಾಪಖಂಡವಾದರೋ ತ್ರಿಜ್ಯೆಯಷ್ಟೇ ದೂರದಲ್ಲಿದೆ. ಅಲ್ಲಿಗೆ ತರಲು ಮತ್ತೊಮ್ಮೆ ಕರ್ಣದಿಂದ ಭಾಗಿಸಬೇಕು. ಮೊದಲನೆಯ ಭಾಗಹಾರವು ಖಂಡದ ಓರೆಗಾಗಿ, ಎರಡನೆಯದು ಅದರ ದೂರಕ್ಕಾಗಿ. ಹೀಗೆ ಚಾಪಖಂಡವು ಸ್ಪರ್ಶಖಂಡವನ್ನು ಕರ್ಣವರ್ಗದಿಂದ ಭಾಗಿಸಿದುದಕ್ಕೆ ಸಮನಾಗುವುದು.

ಇಲ್ಲಿ ಕೆಳಕರ್ಣದ ವರ್ಗವೋ ಮೇಲ್ಕರ್ಣದ ವರ್ಗವೋ ಎಂದು ಕೇಳಬಹುದು. ನಿಜವಾದ ಭಾಜಕವು ಅವೆರಡರ ನಡುವಣದು. ಎಲ್ಲ ಖಂಡಗಳನ್ನೂ ಒಂದು ಬಗೆಯಲ್ಲಿ ಲೆಕ್ಕಮಾಡಿ ಕೂಡಿಸಿ, ಇನ್ನೊಂದು ಬಗೆಯಲ್ಲಿಯೂ ಕೂಡಿಸಿ ಹೋಲಿಸಿದರೆ, ನಡುವಿನ ಫಲಗಳೆಲ್ಲ ಎರಡರಲ್ಲಿಯೂ ಒಂದೇ ಆಗಿ, ಮೊದಲನೆಯದಕ್ಕೂ ಕಡೆಯದಕ್ಕೂ ಮಾತ್ರ ವ್ಯತ್ಯಾಸವುಳಿಯುತ್ತದೆ. ‘ಸ’ವು ೧ ಆಗಿದ್ದರೆ ಆ ವ್ಯತ್ಯಾಸವು ಅರ್ಧ ಖಂಡದಷ್ಟು. ಖಂಡವು ಸಣ್ಣದಾದಂತೆ ಅದೂ ಕ್ಷಯಿಸುವುದರಿಂದ ಈ ಪ್ರಶ್ನೆಯು ಬಾಧಕವಲ್ಲ.

ಇನ್ನು ಭಾಗಹಾರ. ಒಂದೊಂದು ಖಂಡಕ್ಕೂ ಒಂದೊಂದು ಬೇರೆ ಭಾಜಕವಿರುವುದರಿಂದ ಫಲಗಳನ್ನು ನೇರವಾಗಿ ಕೂಡಿಸಲಾಗದು. ಇದಕ್ಕೆ ಹೇಳಿರುವ ಉಪಾಯವು ಬಹು ಸರಳವಾದುದು. ‘ಯ’ದ ವರ್ಗವನ್ನು ‘ವ’ ಎಂದು ಕರೆಯೋಣ. ಒಂದನ್ನು (೧ + ವ) ದಿಂದ ಭಾಗಿಸುವ ಬದಲು ಒಂದರಿಂದಲೇ ಭಾಗಿಸಿದರೆ ಫಲವು ಹೆಚ್ಚಾಗುವುದು; ಎಷ್ಟು ಹೆಚ್ಚೆಂದರೆ ವ/(೧ + ವ) ದಷ್ಟು. ಅದನ್ನು ಕಳೆಯಬೇಕು. ಆದರೆ ಕಳೆಯಬೇಕಾದುದರಲ್ಲಿಯೂ ಅದೇ ಭಾಜಕವು ಕುಳಿತಿದೆ. ಅಲ್ಲಿಯೂ ಭಾಜಕಕ್ಕೆ ಬದಲು ಒಂದನ್ನು ಇಟ್ಟು ‘ವ’ವನ್ನೇ ಕಳೆದರೆ, ಕಳೆದುದು ಹೆಚ್ಚಾಯಿತು, ಆದ್ದರಿಂದ ವ-ವರ್ಗವನ್ನು (೧ + ವ) ದಿಂದ ಭಾಗಿಸಿದಷ್ಟನ್ನು ಮರಳಿ ಕೂಡಿಸಬೇಕು. ಹೀಗೆ ಕಳೆಯುತ್ತ ಕೂಡಿಸುತ್ತ ಹೋದರೆ ‘ವ’ವೇ ಗುಣಕವಾಗಿರುವ ಗುಣೋತ್ತರಶ್ರೇಢಿಯೊಂದು ತಾನಾಗಿ ಹುಟ್ಟುವುದು:

೧ − ವ + (ವ-ವರ್ಗ) − (ವ-ಘನ) + …

‘ವ’ವು ಕಾಲುಭಾಗವಾದರೆ ನಿಜವಾದ ಫಲವು ೦.೮. ಶ್ರೇಢಿಯು ೧, ೦.೭೫, ೦.೮೧೨೫, ೦.೭೯೬೮೭೫ ಎಂದು ಒಮ್ಮೆ ಮೇಲೆ ಒಮ್ಮೆ ಕೆಳಗೆ ತೂಗಾಡುತ್ತ ಅದನ್ನು ಸಮೀಪಿಸುತ್ತದೆ. ಎಲ್ಲಿ ನಿಲ್ಲಿಸಿದರೂ ಒಂದು ಶೇಷವು ಉಳಿಯುವುದೆಂಬುದನ್ನು ಮಾತ್ರ ಮರೆಯಬಾರದು. ‘ನ’ ಪದಗಳಾದ ಮೇಲೆ ನಿಲ್ಲಿಸಿದರೆ, ‘ವ’ವನ್ನು ‘ನ’ ಬಾರಿ ಗುಣಿಸಿ ಬಂದುದನ್ನು (೧ + ವ) ದಿಂದ ಭಾಗಿಸಿದಷ್ಟು ಶೇಷವಿರುತ್ತದೆ. ಈ ಶೇಷಸಹಿತವಾದ ಮಾತು ಆಸನ್ನವಲ್ಲ, ನಿಖರವಾದುದು.

ಈಗ ಎಲ್ಲ ಖಂಡಗಳ ಫಲಗಳನ್ನೂ ಪದಪದವಾಗಿ ಕೂಡಿಸಬೇಕು. ಮೊದಲ ಪದಗಳ ಮೊತ್ತವು ‘ಸ’ವೇ. ಎರಡನೆಯ ಪದಗಳನ್ನು ಕೂಡಿಸಲು ೧, ೨, ೩ ಮೊದಲಾದವುಗಳ ವರ್ಗಸಂಕಲಿತವು ಬೇಕು. ಸಂಖ್ಯೆಯು ಬಹಳ ದೊಡ್ಡದಾದರೆ ವರ್ಗಸಂಕಲಿತವು ಘನದ ಮೂರನೆಯ ಒಂದು ಪಾಲಿಗೆ ಸಮೀಪಿಸುತ್ತದೆ. ಹತ್ತರವರೆಗೆ ಮೊತ್ತವು ೩೮೫, ಘನದ ಮೂರನೆಯ ಪಾಲು ೩೩೩. ಸಾವಿರದವರೆಗೆ ೩೩,೩೮,೩೩,೫೦೦ ಮತ್ತು ೩೩,೩೩,೩೩,೩೩೩.

ಇದರ ಯುಕ್ತಿಯೂ ಸೊಗಸಾಗಿದೆ. ಒಂದರಿಂದ ಇಷ್ಟಸಂಖ್ಯೆಯವರೆಗಿನ ಸಂಕಲಿತವು ಹೆಚ್ಚು ಕಡಮೆ ಆ ಸಂಖ್ಯೆಯ ವರ್ಗದ ಅರ್ಧ. ಈ ಸಂಕಲಿತವನ್ನು ಆ ಸಂಖ್ಯೆಯಿಂದಲೇ ಗುಣಿಸಿದರೆ ವರ್ಗಸಂಕಲಿತಕ್ಕಿಂತ ಹೆಚ್ಚಾಗುವುದು. ಆ ಹೆಚ್ಚಳವು ಅದಕ್ಕೆ ಹಿಂದಿನ ಚಿಕ್ಕ ಸಂಕಲಿತಗಳೆಲ್ಲದರ ಮೊತ್ತ. ಅವೊಂದೊಂದೂ ವರ್ಗಾರ್ಧವಾದುದರಿಂದ ಹೆಚ್ಚಳವು ವರ್ಗಸಂಕಲಿತದ ಅರ್ಧವಾಯಿತು. ಎಂದಮೇಲೆ ಘನದ ಅರ್ಧವು ಒಂದೂವರೆ ವರ್ಗಸಂಕಲಿತ, ವರ್ಗಸಂಕಲಿತವು ಘನದ ಮೂರನೆಯ ಪಾಲು. ಇದೇ ಕ್ರಮದಲ್ಲಿ ಏರುತ್ತ ಹೋದರೆ ಚತುರ್ಘಾತಗಳಿಗೆ ಐದನೆಯ ಪಾಲು, ಷಡ್ಘಾತಗಳಿಗೆ ಏಳನೆಯ ಪಾಲು ಬರುತ್ತದೆ. ಇಂದಿನವರು ಸಮಾಕಲನವೆಂದು ಕರೆಯುವ ಕ್ರಿಯೆಯು ಇಲ್ಲಿ ಇಷ್ಟೇ. ಆದುದರಿಂದ:

ಚಾಪ = ಸ − (ಸ-ಘನ)/೩ + (ಸ-ಪಂಚಘಾತ)/೫ − (ಸ-ಸಪ್ತಘಾತ)/೭ + …

‘ಸ’ವು ೧ ಆದಾಗ ಚಾಪವು ಪರಿಧಿಯ ಎಂಟನೆಯ ಒಂದು ಪಾಲು. ಸಂದೇಹವು ಏಳುವುದು ಇಲ್ಲಿಯೇ. ಕಟ್ಟಕಡೆಯ ಕರ್ಣದಲ್ಲಿ ‘ವ’ವೂ ೧. ಅಲ್ಲಿಯ ಶ್ರೇಢಿಯು ೧ − ೧ + ೧ − ೧ ಎಂದು ಹೋಗಿ, ಅದರ ಮೊತ್ತವು ಒಮ್ಮೆ ಒಂದು, ಒಮ್ಮೆ ಸೊನ್ನೆ. ನಿಜವಾದ ಫಲವಾದ ಅರ್ಧವನ್ನು ಅದು ಎಂದಿಗೂ ಸೇರದು. ಮೂಲದಲ್ಲಿಯೇ ಸೇರದ ಶ್ರೇಢಿಯನ್ನು ಪದಪದವಾಗಿ ಕೂಡಿಸಿ ಪಡೆದ ಫಲವನ್ನು ನಂಬುವುದೆಂತು?

ಸಮಾಧಾನವು ಶೇಷದಲ್ಲಿದೆ. ಅನಂತಪದಗಳನ್ನು ಮೊದಲೇ ಬರೆದುಬಿಟ್ಟು ಅನಂತರ ಕೂಡಿಸುವೆನೆಂದರೆ ಸಂದೇಹವು ನ್ಯಾಯವಾದುದೇ. ಆದರೆ ‘ನ’ ಪದಗಳಿಗೆ ನಿಲ್ಲಿಸಿ, ಶೇಷವನ್ನೂ ಜೊತೆಯಲ್ಲಿಟ್ಟುಕೊಂಡು ಕೂಡಿಸಿದರೆ, ಕೂಡಿಸುವುದು ಪರಿಮಿತವಾದ ಪದಗಳನ್ನು, ಅದರಲ್ಲಿ ದೋಷವಿಲ್ಲ. ಬಳಿಕ ಶೇಷಗಳ ಮೊತ್ತವೊಂದನ್ನೇ ಪರೀಕ್ಷಿಸಬೇಕು. ಐವತ್ತು ಪದಗಳಿಗೆ ನಿಲ್ಲಿಸಿದೆವೆನ್ನೋಣ. ಕಟ್ಟಕಡೆಯ ಕರ್ಣದಲ್ಲಿ ಶೇಷವು ಅರ್ಧವೇ. ಆದರೆ ‘ಯ’ವು ಹತ್ತರಲ್ಲಿ ಒಂಬತ್ತು ಪಾಲಿದ್ದ ಕಡೆಯಲ್ಲಿ ಅದು ಲಕ್ಷದಲ್ಲಿ ಎರಡು ಪಾಲಿಗೂ ಕಡಮೆ. ದೊಡ್ಡ ಶೇಷಗಳು ತುದಿಯ ಬಳಿಯ ಸ್ವಲ್ಪ ಸ್ಥಳದಲ್ಲಿಯೇ ಒತ್ತೊತ್ತಾಗಿ ನಿಲ್ಲುತ್ತವೆ. ಪದಗಳು ಹೆಚ್ಚಿದಷ್ಟೂ ಆ ಸ್ಥಳವು ಕಿರಿದಾಗುತ್ತದೆ. ಘಾತಸಂಕಲಿತದಿಂದಲೇ ಅಳೆದರೆ, ಶೇಷಗಳ ಒಟ್ಟು ಮೊತ್ತವು ೧/(೨ನ + ೧) ಕ್ಕಿಂತ ಕಡಮೆಯಾಗಿರುವುದು. ‘ನ’ವನ್ನು ಹೆಚ್ಚಿಸಿ ಅದನ್ನು ಬೇಕಾದಷ್ಟು ಚಿಕ್ಕದು ಮಾಡಬಹುದು. ಒಂದು ಕರ್ಣದಲ್ಲಿ ಶ್ರೇಢಿಯು ಕೆಟ್ಟರೂ ಚಾಪವು ಕೆಡದು.

‘ಸ’ವು ಒಂದನ್ನು ಮೀರಿದರೆ ಈ ಸಮಾಧಾನವು ಸಲ್ಲದು. ‘ಸ’ವು ೨ ಆದಾಗ ಪದಗಳು ೨, ೨.೬೭, ೬.೪, ೧೮.೩ ಎಂದು ಬೆಳೆಯುತ್ತಲೇ ಹೋಗುವುವು. ಹೀಗೆ ಪದಗಳು ಇಳಿಯದಿರುವುದೇ ಕ್ರಮವು ತಪ್ಪಿತೆಂಬುದರ ಗುರುತು. ಅದಕ್ಕಾಗಿಯೇ ಕೇರಳದವರು ಭುಜಜ್ಯಾಕೋಟಿಜ್ಯೆಗಳಲ್ಲಿ ಚಿಕ್ಕದನ್ನೇ ಗುಣಕವಾಗಿ ಹಿಡಿಯಬೇಕೆಂದು ವಿಧಿಸಿದರು. ‘ಸ’ವು ೨ ಆದರೆ ಅರ್ಧವನ್ನು ಹಿಡಿದು ಚಾಪವನ್ನು ತಂದು, ಅದನ್ನು ಪರಿಧಿಯ ಕಾಲುಭಾಗದಿಂದ ಕಳೆದರೆ ಇಷ್ಟಚಾಪವು ಬರುತ್ತದೆ.

ಸಿಂಧುವಾದ ಶ್ರೇಢಿಯೂ ಕಾರ್ಯಕ್ಕೆ ನಿಧಾನವಾಗಿರಬಹುದು. ‘ಸ’ವನ್ನು ೧ ಎಂದಿಟ್ಟು ಐವತ್ತು ಪದಗಳನ್ನು ಕೂಡಿಸಿ ನಾಲ್ಕರಿಂದ ಗುಣಿಸಿದರೆ, ವ್ಯಾಸ ಒಂದಕ್ಕೆ ಬರುವ ಪರಿಧಿಯು ೩.೧೨೧೬. ಇದು ಆರ್ಯಭಟನ ಸಂಖ್ಯೆಗಿಂತಲೂ ಕೀಳು. ಆದುದರಿಂದ ಚಿಕ್ಕದೊಂದು ‘ಸ’ವನ್ನು ಆರಿಸಿಕೊಳ್ಳಬೇಕು. ಸಮತ್ರಿಭುಜದ ಅರ್ಧವನ್ನು ನೋಡಿದರೆ, ಮೂವತ್ತು ಭಾಗೆಗಳ ಚಾಪಕ್ಕೆ ಸ್ಪರ್ಶವು ೩ರ ಮೂಲದಿಂದ ಒಂದನ್ನು ಭಾಗಿಸಿದಷ್ಟು, ಅದರ ವರ್ಗವು ೧/೩ ಎಂದು ತಿಳಿಯುವುದು. ಈ ಚಾಪವು ಪರಿಧಿಯ ಹನ್ನೆರಡನೆಯ ಪಾಲು. ಆಗ ವ್ಯಾಸ ಒಂದಕ್ಕೆ:

ಪರಿಧಿ = (೧೨ರ ಮೂಲ) × (೧ − ೧/೯ + ೧/೪೫ − ೧/೧೮೯ + ೧/೭೨೯ − …)

ಮೂರರ ಘಾತಗಳನ್ನು ಬೆಸಸಂಖ್ಯೆಗಳಿಂದ ಗುಣಿಸಿ ಈ ಛೇದಗಳು ಬಂದಿವೆ. ೧೨ರ ಮೂಲವು ೩.೪೬೪೧೦೧೬. ಐದು ಪದಗಳ ಮೊತ್ತ ೦.೯೦೭೧೯೧೮, ಗುಣಿಸಿದರೆ ೩.೧೪೨೬೦. ಎಂಟು ಪದಗಳಿಗೆ ೩.೧೪೧೫೭ ದೊರೆತು, ಆರ್ಯಭಟನ ಸಂಖ್ಯೆಗೆ ಸಮೀಪವಾದ ನಿಖರತೆಯು ಬರುತ್ತದೆ. ಇಪ್ಪತ್ತೊಂದು ಪದಗಳಾದರೆ ತಪ್ಪು ಹನ್ನೆರಡನೆಯ ದಶಮಾಂಶಸ್ಥಾನಕ್ಕೆ ಇಳಿಯುವುದು. ಮಾಧವನದೆಂದು ನೀಲಕಂಠ ಸೋಮಯಾಜಿಯು ಉದ್ಧರಿಸಿರುವ ಸಂಖ್ಯೆಯು, ೯೦,೦೦೦ ಕೋಟಿ ವ್ಯಾಸಕ್ಕೆ ೨೮,೨೭,೪೩,೩೩,೮೮,೨೩೩ ಪರಿಧಿಯೆಂಬುದು. ಭಾಗಿಸಿ ನೋಡಿದರೆ ೩.೧೪೧೫೯೨೬೫೩೫೯ ಬರುತ್ತದೆ.

ಆರ್ಯಭಟನ ‘ಆಸನ್ನ’ವೆಂಬ ಮಾತು ಇಲ್ಲಿಯೂ ಹಾಗೆಯೇ ನಿಂತಿದೆ, ಈ ಸಂಖ್ಯೆಯೂ ಆಸನ್ನವೇ. ಆದರೆ ಎಷ್ಟು ಆಸನ್ನವೆಂಬುದನ್ನು ಶೇಷವನ್ನು ನೋಡಿ ಮುಂಚೆಯೇ ಹೇಳಬಹುದಾಯಿತು. ಸೂತ್ರಕ್ಕೂ ಉಪಪತ್ತಿಗೂ ಇರುವ ಅಂತರವು ಇದೇ ಎಂದು ನಮ್ಮ ಅಭಿಪ್ರಾಯ.