ಖಾಲಿ ಕುಲುಮೆಯ ದರ

ಬೆಳಗಾವಿಯಂಥ ಎರಕದ ಊರಿನಲ್ಲಿ ಒಂದು ಕಂಪನಿ ಇದೆ ಎಂದುಕೊಳ್ಳಿ. ಅದರ ಒಂದು ವಿಭಾಗ ಫೌಂಡ್ರಿ, ಇನ್ನೊಂದು ಪಂಪ್ ತಯಾರಿಸುತ್ತದೆ. ಫೌಂಡ್ರಿ ತಿಂಗಳಿಗೆ 10,000 ಪಂಪ್ ಕೇಸಿಂಗ್ ಎರೆಯಬಲ್ಲದು. ಆದರೆ ಹೊರಗಿನ ಗಿರಾಕಿಗಳು ತಲಾ 500 ರೂಪಾಯಿಗೆ ಕೊಳ್ಳುವುದು 7,000 ಮಾತ್ರ. ಪಂಪ್ ವಿಭಾಗಕ್ಕೆ 3,000 ಕೇಸಿಂಗ್ ಬೇಕು. ಸಗಟು ಆರ್ಡರ್ ಎಂದು ಬೇರೊಂದು ಫೌಂಡ್ರಿ ಅದನ್ನು 420ಕ್ಕೆ ಕೊಡಲು ಒಪ್ಪಿದೆ.

‘ನನಗೆ ಬೀಳುವುದೇ 400. ಮೇಲೆ ಹತ್ತು ಪರ್ಸೆಂಟ್ ಲಾಭ ಬೇಡವೇ? 440 ಕೊಡಿ ಸಾರ್’ ಎನ್ನುತ್ತಾರೆ ಫೌಂಡ್ರಿ ಮ್ಯಾನೇಜರ್. ಪಂಪ್ ವಿಭಾಗದವರು ಹೊರಗೆ ಕೊಳ್ಳುತ್ತಾರೆ. ಅವರವರ ಲೆಕ್ಕದಲ್ಲಿ ಇಬ್ಬರೂ ಸರಿ, ನಷ್ಟ ಮಾತ್ರ ಕಂಪನಿಗೆ.

ಆ 400ರೊಳಗೆ ಏನಿದೆ ನೋಡಿ. ಕಬ್ಬಿಣ, ಮರಳು, ವಿದ್ಯುತ್, ಕಮಿಷನ್ ಸೇರಿ 300. ಉಳಿದ 100 ಬಾಡಿಗೆ, ಸಂಬಳ, ಸವಕಳಿಯ ಪಾಲು. ಕುಲುಮೆ ಉರಿಯಲಿ ಬಿಡಲಿ, ಇದು ಹೇಗೂ ಖರ್ಚಾಗುವ ಹಣ. ಒಳಗಿನವರಿಗೆ ಮಾರುವಾಗ 20 ರೂಪಾಯಿ ಕಮಿಷನ್ನೂ ಉಳಿಯುತ್ತದೆ. ಹಾಗಾಗಿ ಹೆಚ್ಚುವರಿ ಕೇಸಿಂಗ್ ಒಂದಕ್ಕೆ ಕಂಪನಿಯ ಕೈಯಿಂದ ನಿಜವಾಗಿ ಹೋಗುವುದು 280. ಹೊರಗೆ 420 ತೆತ್ತರೆ ತಲಾ 140ರಂತೆ ತಿಂಗಳಿಗೆ 4.2 ಲಕ್ಷ ರೂಪಾಯಿ ಸೋರಿಹೋಗುತ್ತದೆ.

ಹೀಗೆ ದರಕ್ಕೆ ಒಂದು ನೆಲ, ಒಂದು ಚಾವಣಿ ಸಿಕ್ಕಂತಾಯಿತು: 280 ಮತ್ತು 420. ನಡುವೆ ಎಲ್ಲಿ ನಿಂತರೂ ಕಂಪನಿಯ ಒಟ್ಟು ಲಾಭ ಬದಲಾಗದು, ಅದು ಯಾರ ಪುಸ್ತಕದಲ್ಲಿ ಕಾಣುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಪಠ್ಯಪುಸ್ತಕಗಳು 280 ಎಂದು ಬರೆದು ಮುಗಿಸಿಬಿಡುತ್ತವೆ. ಆದರೆ ಆ ದರಕ್ಕೆ ಫೌಂಡ್ರಿಗೆ ಕೆಲಸ ಮಾತ್ರ ಹೆಚ್ಚುತ್ತದೆ, ಕಾಸು ಉಳಿಯದು. ಬೋನಸ್ ವಿಭಾಗದ ಲಾಭದ ಮೇಲೆ ನಿಂತಿದ್ದರೆ ಮ್ಯಾನೇಜರ್ ಮನಸ್ಸಿಟ್ಟು ಎರೆಯುವುದು ಅನುಮಾನ. 350ರ ಆಸುಪಾಸಿನಲ್ಲಿ ಒಪ್ಪಿಕೊಂಡು ಉಳಿತಾಯ ಹಂಚಿಕೊಳ್ಳುವುದೇ ಮೇಲು ಎಂದು ನನ್ನ ಎಣಿಕೆ.

ಎಡವುವುದು ಇನ್ನೊಂದು ಕಡೆ. ಪಂಪ್ ವಿಭಾಗ 4,000 ಕೇಳಿತು ಅನ್ನಿ. ಖಾಲಿ ಇರುವುದು 3,000ಕ್ಕೆ ಮಾತ್ರ. ಮಿಕ್ಕ 1,000ಕ್ಕಾಗಿ ಹೊರಗಿನ ಗಿರಾಕಿಗಳನ್ನು ಬಿಡಬೇಕು, ಅವರಿಂದ ಬರುತ್ತಿದ್ದ ತಲಾ 200 ಕಳೆದುಕೊಳ್ಳಬೇಕು. ಆ 2 ಲಕ್ಷವನ್ನು ನಾಲ್ಕು ಸಾವಿರಕ್ಕೂ ಹಂಚಿದರೆ ಸರಾಸರಿ ನೆಲದರ 330. ಚಾವಣಿ 420 ಇರುವಾಗ ಎಲ್ಲವನ್ನೂ ಒಳಗೇ ಎರೆಯುವುದು ಲಾಭ ಎಂದು ತೋರುತ್ತದೆ. ಸರಾಸರಿ ಮೋಸ ಮಾಡುವುದು ಇಲ್ಲೇ. ಕೊನೆಯ ಸಾವಿರವನ್ನು ಬೇರೆಯಾಗಿ ನೋಡಿದರೆ ಅದರ ನೆಲದರ 280ಕ್ಕೆ 200 ಸೇರಿ 480 ಆಗುತ್ತದೆ. ಅಂದರೆ ಮೂರು ಸಾವಿರ ಒಳಗೆ ಎರೆಯಬೇಕು, ಒಂದು ಸಾವಿರವನ್ನು 420 ಕೊಟ್ಟು ಹೊರಗಿನಿಂದಲೇ ತರಬೇಕು.

ಆದ್ದರಿಂದ ದರಪಟ್ಟಿ ಬರೆಯುವ ಮೊದಲು ಅಕೌಂಟ್ಸ್‌ನವರು ಕುಲುಮೆ ಎಷ್ಟು ಹೊತ್ತು ಉರಿಯಿತೆಂಬ ದಾಖಲೆಯನ್ನೂ ಆರ್ಡರ್ ಪುಸ್ತಕವನ್ನೂ ಜೊತೆಗಿಟ್ಟು ನೋಡುವುದು ಒಳ್ಳೆಯದು. ಪಂಪ್ ಸೀಸನ್ನಿನಲ್ಲಿ ಹೊರಗಿನ ಬೇಡಿಕೆ ಏರಿ ಖಾಲಿ ಜಾಗ ತುಂಬಿತೆಂದರೆ 350ರ ಒಪ್ಪಂದಕ್ಕೆ ಬೆಲೆಯಿಲ್ಲ. ಅದನ್ನು ವರ್ಷಕ್ಕೆ ಕಟ್ಟಿಹಾಕದೆ ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಬೇಕು.