ಸಭೆಯ ರೆಕಾರ್ಡಿಂಗ್ ಕೇಳಿ ಟಿಪ್ಪಣಿ ಬರೆಯುವುದು ಹೇಗೆ?

ಕಳೆದ ಮಳೆಗಾಲದಲ್ಲಿ ತ್ರಾಸಿ ಕಡೆಯ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದ ಸಭೆ ಸ್ವಲ್ಪ ಬಿಸಿಯಾಯಿತು. ಸಂಘದ ಒಟ್ಟು ಹಾಲಿನಲ್ಲಿ ಎಸ್‌ಎನ್‌ಎಫ್, ಅಂದರೆ ಜಿಡ್ಡು ಬಿಟ್ಟು ಉಳಿದ ಘನಾಂಶ, 8.5 ಬರುತ್ತಿರಲಿಲ್ಲ. ಅದರಿಂದ ಎಲ್ಲರ ದರಕ್ಕೂ ಪೆಟ್ಟು. ಹಾಗಾಗಿ 8.0ಕ್ಕಿಂತ ಕಡಿಮೆ ಬಂದ ಹಾಲನ್ನು ವಾಪಸು ಕಳಿಸುವ ವಿಷಯ ಸಭೆಯ ಮುಂದೆ ಬಂದಿತ್ತು. ಕಾರ್ಯದರ್ಶಿಯವರು ಮೊದಲೇ ಎಲ್ಲರಿಗೂ ಹೇಳಿ, ಮೊಬೈಲಿನಲ್ಲಿ ಸಭೆಯನ್ನು ರೆಕಾರ್ಡ್ ಮಾಡಿದ್ದರು.

ಮರುವಾರ ಇಬ್ಬರು ಸದಸ್ಯೆಯರು ಡೈರಿಗೆ ಹಾಲು ಹಾಕುವುದನ್ನೇ ನಿಲ್ಲಿಸಿದರು. ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂದಿತ್ತು. ‘ನಾವ್ ಯಾವಾಗ ಒಪ್ಪಿದ್ದ್?’ ಎಂಬುದು ಅವರ ಪ್ರಶ್ನೆ. ಎರಡೂ ಕಡೆಯವರು ರೆಕಾರ್ಡಿಂಗ್ ನನ್ನ ಕೈಗೆ ಕೊಟ್ಟು, ಸಭೆಯಲ್ಲಿ ಇಲ್ಲದಿದ್ದವರು ಒಮ್ಮೆ ಕೇಳಿ ಹೇಳಲಿ ಎಂದರು. ದನ ನೋಡುವವರಿಗೆ ಈ ಕೆಲಸ ಯಾಕೆ ಎಂದು ಮೊದಲು ಅನಿಸಿದ್ದು ನಿಜ.

ಆದರೆ ಕೇಳುತ್ತಾ ಹೋದಂತೆ, ಇದು ನಾವು ದನದ ಚೀಟಿ ಬರೆಯುವ ಕೆಲಸದಂತೆಯೇ ಇದೆ ಎಂದು ಗೊತ್ತಾಯಿತು. ಹಟ್ಟಿಗೆ ಬಂದಾಗ ನಾವು ‘ದನ ಹಟಮಾರಿ’ ಎಂದು ಬರೆಯುವುದಿಲ್ಲ. ‘ಜ್ವರ 104, ಬೆಳಗ್ಗೆಯಿಂದ ಮೆಲುಕು ಹಾಕಿಲ್ಲ, ಹಿಂದಿನ ಬಲ ಮೊಲೆ ಮುಟ್ಟಲು ಬಿಡುತ್ತಿಲ್ಲ’ ಎಂದು ಬರೆಯುತ್ತೇವೆ. ಕಂಡದ್ದು ಒಂದು, ನಾವು ಊಹಿಸಿದ್ದು ಇನ್ನೊಂದು. ಸಭೆಯ ಟಿಪ್ಪಣಿಯಲ್ಲಿ ಕಿವಿಗೆ ಬಿದ್ದದ್ದನ್ನು ಮಾತ್ರ ಬರೆಯಬೇಕು. ‘ಸಿಟ್ಟಿನಿಂದ ಕೂಗಿದರು’ ಎಂಬುದು ಊಹೆ. ‘ಹಲವರು ಒಟ್ಟಿಗೆ ಮಾತನಾಡಿದರು, ಸುಮಾರು ಮೂರು ನಿಮಿಷ’ ಎಂಬುದು ಕೇಳಿದ್ದು. ಸಂವಿಧಾನ ರಚನಾ ಸಭೆಯ ಚರ್ಚೆಗಳು ಪುಸ್ತಕವಾಗಿ ಬಂದಿವೆ. 1949ರ ಸೆಪ್ಟೆಂಬರಿನಲ್ಲಿ ಭಾಷೆಯ ವಿಷಯಕ್ಕೆ ಅಲ್ಲಿ ಎಷ್ಟೋ ಬಿಸಿ ಮಾತು ನಡೆಯಿತು. ಆ ಸಭೆಯ ವರದಿಗಾರರೂ ಭಾಷಣಗಳ ನಡುವೆ ಕಂಸದಲ್ಲಿ ನಗು, ಹರ್ಷೋದ್ಗಾರ, ಅಡ್ಡಮಾತು ಎಂಬರ್ಥದ ಒಂದೊಂದು ಪದವನ್ನಷ್ಟೇ ಹಾಕುತ್ತಿದ್ದರು.

ಮೊದಲ ಸಲ ನಾನು ಪೆನ್ನು ಹಿಡಿಯದೆ ಪೂರ್ತಿ ಕೇಳಿದೆ. ಅರ್ಧಕ್ಕೇ ಬರೆಯಲು ಕುಳಿತರೆ, ಯಾರ ದನಿ ದೊಡ್ಡದೋ ಅವರ ಮಾತೇ ಕಾಗದಕ್ಕೆ ಬರುತ್ತದೆ. ಎರಡನೇ ಸಲ, ಸಭೆಯ ರೀತಿ ಬದಲಾದಂತೆ ಕೇಳಿಸಿದ ಕಡೆ ಮಾತ್ರ ನಿಲ್ಲಿಸಿ ನಿಮಿಷ ಗುರುತು ಹಾಕಿಕೊಂಡೆ. ಮೂರನೇ ಸಲ ಆ ಗುರುತಿನಿಂದ ಎರಡು ನಿಮಿಷ ಹಿಂದಕ್ಕೆ ಹೋಗಿ, ಬದಲಾವಣೆಗೆ ಸ್ವಲ್ಪ ಮೊದಲು ಯಾವ ವಿಷಯ ಬಂದಿತ್ತು ಎಂದು ನೋಡಿದೆ. ಯಾರು ಆಡಿದರು ಎಂದಲ್ಲ, ಯಾವ ವಿಷಯ ಎಂದು. ಹೆಸರಿಲ್ಲದೆ ಬರೆದ ಟಿಪ್ಪಣಿಯ ಮುಖ್ಯ ಭಾಗ ಹೀಗಿತ್ತು:

9ನೇ ನಿಮಿಷ: ಹಾಲು ವಾಪಸು ಕಳಿಸುವ ವಿಷಯ ಓದಲಾಯಿತು. ಪ್ರಶ್ನೆಗಳು ಒಂದಾದ ಮೇಲೊಂದು, ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರದು.
14ನೇ ನಿಮಿಷ: ನೀರು ಬೆರೆಸುವ ಮಾತು ಬಂತು. ಅಲ್ಲಿಂದ 17ರವರೆಗೆ ಹಲವು ದನಿ ಒಟ್ಟಿಗೆ, ಮಾತು ತಿಳಿಯುವುದಿಲ್ಲ.
18ನೇ ನಿಮಿಷ: ಯಾರೂ ಮಾತನಾಡಿಲ್ಲ, ಸುಮಾರು ಅರ್ಧ ನಿಮಿಷ. ಮಳೆಯ ಸದ್ದು.
26ನೇ ನಿಮಿಷ: ನೀರು ಹಾಕದೆಯೂ ಎಸ್‌ಎನ್‌ಎಫ್ ಇಳಿಯುತ್ತದೆಯೇ ಎಂಬ ಪ್ರಶ್ನೆ. ಮತ್ತೆ ಒಬ್ಬೊಬ್ಬರಾಗಿ ಮಾತು.
41ನೇ ನಿಮಿಷ: ಮೊದಲು 15 ದಿನ ಸಮಯ ಕೊಟ್ಟು, ಅಷ್ಟರಲ್ಲಿ ದನದ ಪರೀಕ್ಷೆ ಮಾಡಿಸೋಣ ಎಂಬ ಸಲಹೆ. ‘ಅಕ್ಕ್’ ಎಂದು ಕನಿಷ್ಠ ಐದು ಬೇರೆ ಬೇರೆ ದನಿ.
47ನೇ ನಿಮಿಷ: ಯಾವ ತಾರೀಕಿನಿಂದ ಎಂದು ಕೇಳಲಾಯಿತು. ‘ಕಾಂಬ’ ಎಂಬ ಉತ್ತರ. ಬೇರೆ ವಿಷಯಕ್ಕೆ ಹೋಗಲಾಯಿತು.

ಇಷ್ಟನ್ನು ಕಾಗದದಲ್ಲಿ ನೋಡಿದ ಮೇಲೆ ಜಗಳದ ಗಂಟು ಎಲ್ಲಿದೆ ಎಂದು ಕಂಡಿತು. 14ನೇ ನಿಮಿಷದಲ್ಲಿ ಒಪ್ಪದಿದ್ದವರು 41ರಲ್ಲಿ ಮನಸ್ಸು ಬದಲಿಸಿದ್ದಲ್ಲ. ಅಷ್ಟರೊಳಗೆ ಸಭೆಯ ಮುಂದಿದ್ದ ವಿಷಯವೇ ಬೇರೆಯಾಗಿತ್ತು. ಮೊದಲಿನದು ಹಾಲು ವಾಪಸು ಕಳಿಸುವುದು, ಆಮೇಲಿನದು ದನ ಪರೀಕ್ಷೆ ಮಾಡಿಸುವುದು. ಪುಸ್ತಕದಲ್ಲಿ ಮೊದಲಿನ ವಿಷಯದ ಕೆಳಗೆ ಎರಡನೆಯದರ ಒಪ್ಪಿಗೆ ಬರೆದುಹೋಗಿತ್ತು. ತಾರೀಕಿಗಂತೂ ಒಪ್ಪಿಗೆಯೇ ಇಲ್ಲ. ನಮ್ಮ ಕುಂದಾಪ್ರದಲ್ಲಿ ‘ಅಕ್ಕ್’ ಎಂದರೆ ಆಗಬಹುದು ಎಂದು, ‘ಕಾಂಬ’ ಎಂದರೆ ನೋಡೋಣ ಎಂದು. ಎದುರಿಗೆ ಬೇಡ ಎನ್ನಲು ಸಂಕೋಚವಾದಾಗಲೂ ಕಾಂಬ ಎನ್ನುವುದುಂಟು. ಅದನ್ನು ಒಪ್ಪಿಗೆ ಎಂದು ಶುದ್ಧ ಕನ್ನಡಕ್ಕೆ ತಿರುಗಿಸದೆ, ಆಡಿದ ಪದವನ್ನೇ ಬರೆದಿಡುವುದು ಒಳ್ಳೆಯದು. ಸುಮ್ಮನಿದ್ದದ್ದೂ ಹಾಗೆಯೇ. 18ನೇ ನಿಮಿಷದ ಅರ್ಧ ನಿಮಿಷ ಮೌನ ಬೇಸರವೋ, ಯೋಚನೆಯೋ, ಮಳೆ ಜೋರಾಯಿತೋ, ರೆಕಾರ್ಡಿಂಗ್ ಹೇಳುವುದಿಲ್ಲ.

ಅದು ಹೇಳದ್ದು ಇನ್ನೂ ಇದೆ. ಮೊಬೈಲ್ ಅಧ್ಯಕ್ಷೆಯವರ ಮೇಜಿನ ಮೇಲಿತ್ತು. ಮೇಜಿನ ಹತ್ತಿರದವರು ಮೆತ್ತಗೆ ಆಡಿದ್ದೂ ಕೂಗಿದಂತೆ ಕೇಳುತ್ತದೆ, ಬಾಗಿಲ ಬಳಿ ಕುಳಿತವರ ಮಾತು ಫ್ಯಾನಿನ ಸದ್ದಿನಲ್ಲಿ ಹೋಗುತ್ತದೆ. ತಲೆ ಅಲ್ಲಾಡಿಸಿದ್ದು, ಎದ್ದು ಹೊರಗೆ ಹೋದದ್ದು ಅದರಲ್ಲಿ ಬರುವುದೇ ಇಲ್ಲ. ಐದು ದನಿ ಎಂದರೆ ಐದೇ ಜನ ಒಪ್ಪಿದರು ಎಂದಲ್ಲ, ಎಲ್ಲರೂ ಒಪ್ಪಿದರು ಎಂದೂ ಅಲ್ಲ. ಸಂಖ್ಯೆ ಬೇಕಾದರೆ ಸಭೆಯಲ್ಲೇ ಕೈ ಎತ್ತಿಸಿ ಎಣಿಸಿ, ‘ಪರ ಇಷ್ಟು, ವಿರೋಧ ಇಷ್ಟು’ ಎಂದು ಗಟ್ಟಿಯಾಗಿ ಓದಬೇಕು. ಆಗ ಅದು ರೆಕಾರ್ಡಿಂಗಿನಲ್ಲೂ ಉಳಿಯುತ್ತದೆ.

ಹೆಸರು ಎಲ್ಲಿಯೂ ಬೇಡವೇ? ಬೇಕು. ನಿರ್ಣಯ ಸೂಚಿಸಿದವರ, ಅನುಮೋದಿಸಿದವರ ಹೆಸರು ನಡಾವಳಿ ಪುಸ್ತಕಕ್ಕೆ ಬೇಕು. ‘ನನ್ನ ವಿರೋಧ ಬರೆಯಿರಿ’ ಎಂದು ಸದಸ್ಯೆ ಕೇಳಿದರೆ ಅವರ ಹೆಸರಿನಲ್ಲೇ ಬರೆಯಬೇಕು. ಸಭೆ ಹೇಗೆ ನಡೆಯಿತು ಎಂಬ ಟಿಪ್ಪಣಿ ಅದಕ್ಕಿಂತ ಬೇರೆ ಹಾಳೆ. ಅದರಲ್ಲಿ ಹೆಸರು ಹಾಕಿದರೆ ಮುಂದಿನ ಸಭೆಯಲ್ಲಿ ಆ ಹೆಸರಿನವರು ಬಾಯಿ ಬಿಡುವುದಿಲ್ಲ. ರೆಕಾರ್ಡಿಂಗನ್ನಂತೂ ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ಇಪ್ಪತ್ತು ಸೆಕೆಂಡಿನ ತುಣುಕು ಊರೆಲ್ಲ ಸುತ್ತಿದ ಮೇಲೆ ಉಳಿದ ಒಂದು ಗಂಟೆಯ ಮಾತನ್ನು ಯಾರೂ ಕೇಳುವುದಿಲ್ಲ.

ಟಿಪ್ಪಣಿಯನ್ನು ಮೊದಲು ಹಾಲು ನಿಲ್ಲಿಸಿದ ಇಬ್ಬರಿಗೆ, ಆಮೇಲೆ ನಿರ್ದೇಶಕಿಯರಿಗೆ ಓದಿ ಹೇಳಿದೆ. 26ನೇ ನಿಮಿಷದ ಸಾಲಿನಲ್ಲಿ ನನ್ನದೇ ಒಂದು ತಪ್ಪು ಸಿಕ್ಕಿತು. ಆ ಪ್ರಶ್ನೆಗೆ ‘ಮಾತು ತಿಳಿಯಾಯಿತು’ ಎಂದು ಬರೆದಿದ್ದೆ. ‘ತಿಳಿಯಾದ್ದಲ್ಲ ಡಾಕ್ಟ್ರೇ, ನಾವ್ ಬೇಜಾರಾಗಿ ಸುಮ್ಮನಾದ್ದ್’ ಎಂದರು ಒಬ್ಬರು. ಅದನ್ನು ಅಳಿಸಿ ‘ಒಬ್ಬೊಬ್ಬರಾಗಿ ಮಾತು’ ಎಂದು ಮಾಡಿದೆ.

ಮುಂದಿನ ಸಭೆಯಲ್ಲಿ ಹಳೆಯ ನಡಾವಳಿ ಓದಿದಾಗ ತಿದ್ದುಪಡಿ ಬರೆಸಿದರು. 15 ದಿನದ ಸಮಯ ಮತ್ತು ಪರೀಕ್ಷೆ ಒಪ್ಪಿಗೆ, ಹಾಲು ವಾಪಸು ಕಳಿಸುವುದು ಹಾಗೂ ತಾರೀಕು ಇನ್ನೂ ತೀರ್ಮಾನವಾಗಿಲ್ಲ ಎಂದು. ಆ ಇಬ್ಬರ ಹಟ್ಟಿಗೂ ಹೋಗಿ ಕೆಚ್ಚಲು ಪರೀಕ್ಷೆ ಮಾಡಿದೆ. ಒಂದು ದನಕ್ಕೆ ಹೊರಗೆ ಕಾಣದ ಕೆಚ್ಚಲು ಬಾವು ಇತ್ತು. ಇನ್ನೊಂದಕ್ಕೆ ಮಳೆಗಾಲದ ನೀರು ಹುಲ್ಲೇ ಹೊಟ್ಟೆ ತುಂಬ, ಒಣಹುಲ್ಲು, ಹಿಂಡಿ ಸಾಲುತ್ತಿರಲಿಲ್ಲ. ಒಬ್ಬರು ಈಗ ಡೈರಿಗೆ ಬರುತ್ತಿದ್ದಾರೆ. ಇನ್ನೊಬ್ಬರು ಕಾಂಬ ಎಂದಿದ್ದಾರೆ.