ಫ್ಲಾಸ್ಕಿನ ಹೊರಮೈ ಬಿಸಿಯಾದರೆ

ಬೆಳಿಗ್ಗೆ 6ಕ್ಕೆ ತುಂಬಿಸಿದ ಕಾಫಿ 8ಕ್ಕೆಲ್ಲ ಉಗುರುಬೆಚ್ಚಗಾಗಿತ್ತು. ಹಿಂದಿನ ವಾರದವರೆಗೂ ಇದೇ ಸ್ಟೀಲ್ ಫ್ಲಾಸ್ಕಿನ ಕಾಫಿ ಮಧ್ಯಾಹ್ನಕ್ಕೂ ಊದಿ ಕುಡಿಯುವಷ್ಟು ಬಿಸಿ ಇರುತ್ತಿತ್ತು. ಮನೆಯವರ ಅನುಮಾನವೆಲ್ಲ ಮುಚ್ಚಳದ ಮೇಲೆ. ಹೊಸ ರಬ್ಬರ್ ರಿಂಗು ಹಾಕಿದೆ, ಪ್ರಯೋಜನವಾಗಲಿಲ್ಲ. ನಡುವೆ ಒಂದು ದಿನ ಅದು ಕಲ್ಲುನೆಲಕ್ಕೆ ಬಿದ್ದು ತಳದಂಚು ನೆಗ್ಗಿತ್ತೆಂಬುದು ಆಮೇಲೆ ನೆನಪಾಯಿತು.

ದೋಷ ಎಲ್ಲಿದೆಯೆಂದು ಕಂಡುಹಿಡಿಯಲು ಅಂಗೈ ಸಾಕು. ಕುದಿಯುವ ನೀರು ತುಂಬಿಸಿ, ಮುಚ್ಚಿ, 10 ನಿಮಿಷ ಬಿಟ್ಟು ಹೊರಮೈ ಮುಟ್ಟಿನೋಡಬೇಕು. ಕುತ್ತಿಗೆ ಬೆಚ್ಚಗಿದ್ದರೆ ಗಾಬರಿ ಬೇಡ; ಒಳಗೋಡೆ, ಹೊರಗೋಡೆ ಕೂಡುವುದು ಅಲ್ಲಿಯೇ. ಮೈಯೆಲ್ಲ ತಣ್ಣಗಿದ್ದೂ ಕಾಫಿ ಬೇಗ ಆರುವುದಾದರೆ ತಪ್ಪು ಮುಚ್ಚಳದ್ದು. ಒಂದೇ ಜಾಗ ಬಿಸಿಯಾದರೆ ಅಲ್ಲಿ ನೆಗ್ಗಿದ ಹೊರಗೋಡೆ ಒಳಗೋಡೆಗೆ ತಾಗಿದೆ ಎಂದರ್ಥ. ನೆಗ್ಗಿದ ಅಂಚಿನಲ್ಲಷ್ಟೇ ಬಿಸಿ ಇರಬಹುದೆಂದುಕೊಂಡಿದ್ದೆ. ನನ್ನ ಫ್ಲಾಸ್ಕು ಬುಡದಿಂದ ಭುಜದವರೆಗೆ ಒಂದೇ ಸಮ ಬಿಸಿಯಾಗಿತ್ತು. ಏಟಿಗೆ ಎಲ್ಲೋ ಬೆಸುಗೆ ಬಿರಿದು, ಗೋಡೆಗಳ ನಡುವಿನ ನಿರ್ವಾತಕ್ಕೆ ಗಾಳಿ ನುಗ್ಗಿತ್ತು.

ಅನಿಲಗಳನ್ನು ದ್ರವವಾಗಿಸಿ ಕಾಪಾಡಲು ಲಂಡನ್ನಿನಲ್ಲಿ ಜೇಮ್ಸ್ ಡ್ಯೂವರ್ 1892ರಲ್ಲಿ ಹೂಡಿದ ಉಪಾಯವೇ ಇದು: ಎರಡು ಗೋಡೆ ಕಟ್ಟಿ ನಡುವಿನ ಗಾಳಿಯನ್ನು ತೆಗೆಯುವುದು. ಬಿಸಿ ಹೊತ್ತೊಯ್ಯುವ ಗಾಳಿಯೇ ಇಲ್ಲದಿದ್ದರೆ ಅದು ದಾಟುವುದು ಕಷ್ಟ. ಆದರೆ ಈ ನಿರ್ವಾತ ಬಹಳ ನಾಜೂಕು. ತೆಗೆದ ಗಾಳಿಯ ಸಾವಿರದಲ್ಲೊಂದು ಪಾಲು ಮರಳಿ ಸೇರಿದರೂ ಅದು ಪೂರ್ತಿ ಗಾಳಿಯಷ್ಟೇ ಚುರುಕಾಗಿ ಬಿಸಿ ದಾಟಿಸುತ್ತದೆ. ಹಾಗಾಗಿ ಕಣ್ಣಿಗೆ ಕಾಣದ ಬಿರುಕೂ ಸಾಕು.

ರಿಪೇರಿಗೆ ಅಡ್ಡಿಯೂ ಇದೇ. ಬಿರುಕಿಗೆ ಬೆಸುಗೆ ಹಾಕಬಹುದು, ಎಂ-ಸೀಲ್ ಮೆತ್ತಬಹುದು. ಒಳಹೊಕ್ಕ ಗಾಳಿಯನ್ನು ಹೊರಗೆಳೆಯುವವರು ಯಾರು? ಫ್ರಿಜ್ ಮೆಕ್ಯಾನಿಕ್‌ನ ಪಂಪು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಸ್ಟೀಲ್ ಕೂಡ ತನ್ನೊಳಗೆ ಹೀರಿಕೊಂಡ ಅನಿಲವನ್ನು ಮೆಲ್ಲಗೆ ಬಿಡುತ್ತಿರುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ನಿರ್ವಾತದ ಕುಲುಮೆಯಲ್ಲಿ ಕಾಯಿಸಿ, ಅಲ್ಲಿಯೇ ಮುಚ್ಚುತ್ತಾರೆ. ಬಿರಿದ ಸ್ಟೀಲ್ ಫ್ಲಾಸ್ಕನ್ನು ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಉಳಿಸಲಾಗದು. ಹಳೆಯ ಗಾಜಿನ ಫ್ಲಾಸ್ಕೇ ಈ ವಿಷಯದಲ್ಲಿ ಜಾಣ: ಒಳಗಿನ ರಿಫಿಲ್ ಒಡೆದರೆ, ಅಳತೆ ನೋಡಿ ಇನ್ನೊಂದನ್ನು ತಂದು ಕೂರಿಸಬಹುದು.

ಕೆಟ್ಟದ್ದನ್ನು ತಣ್ಣೀರಿಗೆ ಇಟ್ಟುಕೊಳ್ಳಿ, ತೊಂದರೆಯಿಲ್ಲ. ಆದರೆ ತೊಳೆಯುವಾಗ ಮುಳುಗಿಸಿದರೆ ಬಿರುಕಿನಿಂದ ನೀರು ಗೋಡೆಗಳ ನಡುವೆ ಸೇರಬಹುದು. ಖಾಲಿ ಫ್ಲಾಸ್ಕನ್ನು ಕಿವಿಯ ಬಳಿ ಕುಲುಕಿ. ಕೆಲವದರಲ್ಲಿ ಅನಿಲ ಹೀರಲೆಂದು ಇಟ್ಟ ಸಣ್ಣ ಬಿಲ್ಲೆ ಕಳಚಿ ಟಕಟಕ ಎನ್ನುತ್ತದೆ, ಅದು ಬೇರೆ. ಗುಳುಗುಳು ಸದ್ದು ಬಂದರೆ ಮಾತ್ರ ಅದಕ್ಕೆ ಕುದಿನೀರು ಹಾಕಬೇಡಿ, ಒಲೆಯ ಹತ್ತಿರವೂ ಇಡಬೇಡಿ. ಸಿಕ್ಕಿಬಿದ್ದ ನೀರು ಆವಿಯಾದರೆ ಅದರ ಒತ್ತಡಕ್ಕೆ ಗೋಡೆ ಸಿಡಿಯಬಹುದು.